ಸಂಬಳದ ರೂಪಾಯಿ, ಬೋನಸ್ಸಿನ ರೂಪಾಯಿ: ಒಂದು ಮನೆಯ ಮೂರು ವರ್ಷದ ಲೆಕ್ಕ

2022ರ ಸೆಪ್ಟೆಂಬರ್ 30, ಶುಕ್ರವಾರ. ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಲೇತ್ ಯಂತ್ರ ನಡೆಸುವ ನನ್ನ ತಮ್ಮನ ಮೊಬೈಲಿಗೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಬ್ಯಾಂಕಿನಿಂದ ಎರಡು ಸಂದೇಶಗಳು ಬಂದವು. ಒಂದು, ಆ ತಿಂಗಳ ಸಂಬಳ ₹19,400. ಇನ್ನೊಂದು, ಆಯುಧಪೂಜೆಯ ಬೋನಸ್ ₹38,400. ಎರಡೂ ಒಂದೇ ಕಾರ್ಖಾನೆಯಿಂದ ಒಂದೇ ಖಾತೆಗೆ ನಾಲ್ಕು ನಿಮಿಷದ ಅಂತರದಲ್ಲಿ ಬಂದ ಹಣ. ಖಾತೆಯ ಒಟ್ಟು ಮೊತ್ತದಲ್ಲಿ ಅವು ಆಗಲೇ ಕಲೆತುಹೋಗಿದ್ದವು. ಸಂಜೆ ಮನೆಗೆ ಬಂದವನ ಬಾಯಲ್ಲಿ ಮಾತ್ರ ಕಲೆತಿರಲಿಲ್ಲ. "ಸಂಬಳ ಬಂತು," ಎಂದು ಚಪ್ಪಲಿ ಬಿಡುತ್ತಲೇ ಹೇಳಿದ. ಕೈಕಾಲು ತೊಳೆದು ಬಂದು, ಚಾಪೆಯ ಮೇಲೆ ಕುಳಿತು, ಮಕ್ಕಳಿಬ್ಬರನ್ನೂ ಹತ್ತಿರ ಕರೆದುಕೊಂಡು, ಆಮೇಲೆ ಹೇಳಿದ: "ಬೋನಸ್ಸೂ ಬಂತು."

ನಾನು ಪದವಿ ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವನು. ಒಂದು ರೂಪಾಯಿ ಇನ್ನೊಂದು ರೂಪಾಯಿಗೆ ಸಮ, ಹಣಕ್ಕೆ ಬಣ್ಣವಿಲ್ಲ, ಅದು ಎಲ್ಲಿಂದ ಬಂತು ಎಂಬುದಕ್ಕೂ ಎಲ್ಲಿಗೆ ಹೋಗಬೇಕು ಎಂಬುದಕ್ಕೂ ಸಂಬಂಧವಿಲ್ಲ ಎಂದು ಮೊದಲ ವರ್ಷದ ಮಕ್ಕಳಿಗೆ ಹೇಳಿಕೊಡುತ್ತೇನೆ. ಅಂದು ತಮ್ಮನ ಮನೆಯಲ್ಲೇ ಇದ್ದ ನನಗೆ ಆ ಎರಡು ವಾಕ್ಯಗಳ ನಡುವಿನ ಅಂತರ ಕಾಡಿತು. ತಮ್ಮನ ಹೆಂಡತಿ ಮದುವೆಯಾದಾಗಿನಿಂದ ಉದ್ದನೆಯ ಗೆರೆ ಪುಸ್ತಕದಲ್ಲಿ ಮನೆಯ ಲೆಕ್ಕ ಬರೆಯುತ್ತಾ ಬಂದವಳು. ಅವರಿಬ್ಬರೂ ಒಪ್ಪಿದ್ದರಿಂದ ಆ ಪುಸ್ತಕದ ಮೂರು ವರ್ಷದ ಪುಟಗಳನ್ನು ಇಲ್ಲಿ ಬಿಚ್ಚಿಡುತ್ತಿದ್ದೇನೆ. ಹೆಸರುಗಳು ಬೇಡ ಎಂದಿದ್ದಾರೆ.

ಮೊದಲು ಸಂಬಳದ ಕಥೆ. ದಾಸರಹಳ್ಳಿಯ ಎರಡು ಕೋಣೆಯ ಮನೆಗೆ ಬಾಡಿಗೆ ₹7,000. ದಿನಸಿ, ತರಕಾರಿ, ಗ್ಯಾಸ್‌ಗೆ ಆರೂವರೆ ಸಾವಿರದ ಆಸುಪಾಸು. ಹಾಲು, ಶಾಲೆ, ಟ್ಯೂಷನ್, ಪೆಟ್ರೋಲ್, ಕರೆಂಟು ಎಲ್ಲ ಸೇರಿದರೆ ಸಂಬಳ ಮುಗಿಯುತ್ತದೆ. ಅವಳು ಮನೆಯಲ್ಲೇ ರವಿಕೆ ಹೊಲಿದು ತಿಂಗಳಿಗೆ ನಾಲ್ಕೈದು ಸಾವಿರ ಸಂಪಾದಿಸುತ್ತಾಳೆ. ಅದು ಬ್ಯಾಂಕಿಗೆ ಹೋಗುವುದಿಲ್ಲ, ಅಡುಗೆಮನೆಯ ಮೇಲಿನ ಹಲಗೆಯಲ್ಲಿರುವ ಸಾಸಿವೆ ಡಬ್ಬಿಗೆ ಹೋಗುತ್ತದೆ. ತಮ್ಮನ ಓವರ್‌ಟೈಮ್ ಹಣ ಮತ್ತು ಈ ಡಬ್ಬಿ ಸೇರಿ ಆಸ್ಪತ್ರೆ, ನೆಂಟರು, ಸಾಲದ ಕಂತು ಇವನ್ನೆಲ್ಲ ನೋಡಿಕೊಳ್ಳುತ್ತವೆ.

ಆ ವರ್ಷದ ಏಪ್ರಿಲ್‌ನಲ್ಲಿ ಕಾರ್ಮಿಕ ಸಂಘದ ಒಪ್ಪಂದವಾಗಿ ತಮ್ಮನ ಸಂಬಳ ತಿಂಗಳಿಗೆ ₹1,600 ಏರಿತ್ತು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಆರು ತಿಂಗಳು, ₹9,600. ಆ ಹಣ ಎಲ್ಲಿ ಹೋಯಿತು ಎಂದು ಅಂದು ರಾತ್ರಿ ನಾನು ಕೇಳಿದೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ಪುಸ್ತಕ ತಿರುವಿದಾಗ ಉತ್ತರ ಸಿಕ್ಕಿತು: ದಿನಕ್ಕೆ ಅರ್ಧ ಲೀಟರ್ ಇದ್ದ ಹಾಲು ಒಂದು ಲೀಟರ್ ಆಗಿತ್ತು, ಮಗಳಿಗೆ ಗಣಿತದ ಟ್ಯೂಷನ್ ಸೇರಿತ್ತು, ಮೊಬೈಲ್ ರೀಚಾರ್ಜ್ ದೊಡ್ಡದಾಗಿತ್ತು, ಭಾನುವಾರದ ಮಾಂಸ ಅರ್ಧ ಕೆಜಿಯಿಂದ ಒಂದು ಕೆಜಿಗೆ ಹೋಗಿತ್ತು. ಒಂದೂ ದುಂದಲ್ಲ. ಆದರೆ ಒಂದು ಪೈಸೆಯೂ ಉಳಿದಿರಲಿಲ್ಲ, ಮತ್ತು ಇದನ್ನು ಖರ್ಚು ಮಾಡೋಣ ಎಂದು ಯಾರೂ ಯಾವತ್ತೂ ಕುಳಿತು ತೀರ್ಮಾನಿಸಿರಲಿಲ್ಲ. ಹೊಲಕ್ಕೆ ಬಿಟ್ಟ ನೀರಿನ ಹಾಗೆ ಹಿಂಗಿಹೋಗಿತ್ತು.

ಬೋನಸ್ಸಿಗೆ ಹಾಗಾಗಲಿಲ್ಲ. ಅದಕ್ಕೆ ಪುಸ್ತಕದಲ್ಲಿ ಹೊಸ ಪುಟವೇ ತೆರೆಯಿತು. ಪುಟದ ತಲೆಯಲ್ಲಿ ಅರಿಶಿನ ಕುಂಕುಮದ ಬೊಟ್ಟು, ಕೆಳಗೆ "ಬೋನಸ್ 2022" ಎಂಬ ಶೀರ್ಷಿಕೆ. ದೀಪಾವಳಿ ಕಳೆಯುವ ಹೊತ್ತಿಗೆ ಆ ಪುಟ ಹೀಗಿತ್ತು:

ಮಗಳ ಹೆಸರಿನಲ್ಲಿ ಠೇವಣಿ: 15,000
ಹಬ್ಬದ ಬಟ್ಟೆ, ಅಮ್ಮನ ಸೀರೆ: 6,200
ಮಿಕ್ಸಿ: 5,500
ಧರ್ಮಸ್ಥಳ, ಸುಬ್ರಹ್ಮಣ್ಯ (ಹರಕೆ): 5,000
ಬೈಕ್ ಟೈರು, ಸರ್ವೀಸ್, ಪೂಜೆ: 2,400
ತಂಗಿಗೆ ಅರಿಶಿನ ಕುಂಕುಮಕ್ಕೆ: 2,000
ಲೆಕ್ಕ ಸಿಗದ್ದು: 2,300

ಒಟ್ಟು ₹38,400ರಲ್ಲಿ ₹15,000 ಉಳಿಯಿತು, ಅಂದರೆ ನೂರಕ್ಕೆ ಮೂವತ್ತೊಂಬತ್ತು. ಸಂಬಳದ ಏರಿಕೆಯಲ್ಲಿ ಉಳಿದದ್ದು ಸೊನ್ನೆ.

ಈ ಪುಟದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಕಲಿಸಿದ ಸಾಲು ಮಿಕ್ಸಿಯದು. ಹಳೆಯ ಮಿಕ್ಸಿಯ ಜಾರಿನ ಬ್ಲೇಡು ಫೆಬ್ರುವರಿಯಲ್ಲೇ ಸವೆದು, ಚಟ್ನಿ ತರಿತರಿಯಾಗಿ ಬೀಳುತ್ತಿತ್ತು. ಬಸ್ ನಿಲ್ದಾಣದ ಹತ್ತಿರದ ಅಂಗಡಿಯಲ್ಲಿ ₹3,200ಕ್ಕೆ ಒಂದು ಮಿಕ್ಸಿ ಇತ್ತು. ಎಂಟು ತಿಂಗಳು ಅವಳು ಅದನ್ನು ನೋಡಿಕೊಂಡೇ ಓಡಾಡಿದಳು. ತಿಂಗಳ ದುಡ್ಡಿನಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಬೋನಸ್ ಬಂದ ಮೂರನೆಯ ದಿನ ಗಂಡ ಹೆಂಡತಿ ಅದೇ ಅಂಗಡಿಗೆ ಹೋಗಿ ₹5,500ರ ಮಿಕ್ಸಿ ತಂದರು. ಬೋನಸ್ಸಿನಲ್ಲೂ ₹3,200ದ್ದನ್ನೇ ಕೊಳ್ಳಬಹುದಿತ್ತಲ್ಲ ಎಂದದ್ದಕ್ಕೆ ಅವಳು ಹೇಳಿದ್ದು: "ಭಾವ, ಬೋನಸ್ಸಿನಲ್ಲಿ ತಂದ ಸಾಮಾನು ಅಂದರೆ ಹತ್ತು ವರ್ಷ ಮನೆಯಲ್ಲಿ ಇರಬೇಕು. ಇದು ಬೋನಸ್ಸಿನಲ್ಲಿ ತಂದದ್ದು ಅಂತ ನೆನಪಿರಬೇಕು." ಸಂಬಳದ ರೂಪಾಯಿಗೆ ₹3,200 ಹೆಚ್ಚಾಗಿ ಕಂಡಿತ್ತು. ಬೋನಸ್ಸಿನ ರೂಪಾಯಿಗೆ ಅದೇ ₹3,200 ಕಡಿಮೆಯಾಗಿ ಕಂಡಿತು.

ಇಲ್ಲಿ ಒಂದು ವಿಷಯ ಸ್ಪಷ್ಟಪಡಿಸಬೇಕು. ಈ ಬೋನಸ್ ಆಕಾಶದಿಂದ ಉದುರಿದ್ದಲ್ಲ. ಆಗ ಜಾರಿಯಲ್ಲಿದ್ದ 1965ರ ಬೋನಸ್ ಪಾವತಿ ಕಾಯ್ದೆಯ ಪ್ರಕಾರ ಅದು ವರ್ಷದ ವೇತನದ ಶೇಕಡಾ 8.33ಕ್ಕಿಂತ ಕಡಿಮೆಯಾಗುವಂತಿಲ್ಲ, ಶೇಕಡಾ 20ನ್ನು ಮೀರುವಂತಿಲ್ಲ. 8.33 ಎಂದರೆ ಹನ್ನೆರಡರಲ್ಲಿ ಒಂದು, ಅಂದರೆ ಒಂದು ತಿಂಗಳ ವೇತನ. ಕಂಪನಿಗೆ ನಷ್ಟವಾದರೂ ಅಷ್ಟು ಕೊಡಲೇಬೇಕು. ತಮ್ಮನ ಕಾರ್ಖಾನೆ ಲೆಕ್ಕಕ್ಕೆ ಹಿಡಿದ ವೇತನ ತಿಂಗಳಿಗೆ ₹16,000. ಅದನ್ನು ಹನ್ನೆರಡರಿಂದ ಗುಣಿಸಿ ಶೇಕಡಾ 20 ತೆಗೆದರೆ ₹38,400. ಆ ಕಾಯ್ದೆಯ ಹಿಂದೆ ಎಂ. ಆರ್. ಮೆಹೆರ್ ಅಧ್ಯಕ್ಷತೆಯಲ್ಲಿ 1961ರಲ್ಲಿ ನೇಮಕವಾದ ಬೋನಸ್ ಆಯೋಗವಿದೆ, ಅದರ ಹಿಂದೆ ದಶಕಗಳ ಹೋರಾಟವಿದೆ. ಬೋನಸ್ ಎಂದರೆ ಮಾಲೀಕ ಸಂತೋಷದಿಂದ ಕೊಡುವ ಇನಾಮು ಅಲ್ಲ, ದುಡಿದವನಿಗೆ ಸಲ್ಲಬೇಕಾಗಿ ಬಾಕಿ ಉಳಿದ ವೇತನ ಎಂಬುದು ಕಾರ್ಮಿಕ ಸಂಘಗಳ ವಾದವಾಗಿತ್ತು. ತಮ್ಮ ಕೂಡ ಸಂಘದ ಸದಸ್ಯ. ಗೇಟಿನ ಮುಂದೆ ನಿಂತು "ಬೋನಸ್ ನಮ್ಮ ಹಕ್ಕು" ಎಂದು ಕೂಗಿದವನು. ಅದೇ ಹಣ ಮನೆಯ ಹೊಸಿಲು ದಾಟುವಾಗ ಇನಾಮಾಗಿಬಿಡುತ್ತದೆ. ತಿಂಗಳಿಗೆ ₹3,200ರಂತೆ ಸಂಬಳದ ಜೊತೆಗೇ ಬಂದಿದ್ದರೆ ಅದು ಹಾಲು, ಮಾಂಸ, ರೀಚಾರ್ಜ್ ಆಗುತ್ತಿತ್ತು. ಹನ್ನೆರಡು ತಿಂಗಳಿನದು ಒಟ್ಟಿಗೆ ಬಂದದ್ದರಿಂದ ಠೇವಣಿ, ಮಿಕ್ಸಿ, ಧರ್ಮಸ್ಥಳ ಆಯಿತು.

ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಇದಕ್ಕೆ ಕೊಟ್ಟ ಹೆಸರನ್ನು ಕನ್ನಡದಲ್ಲಿ ಮಾನಸಿಕ ಲೆಕ್ಕಪತ್ರ ಎನ್ನಬಹುದು. 1985ರ ಲೇಖನದಲ್ಲಿ ಅದನ್ನು ವಿವರವಾಗಿ ಮಂಡಿಸಿದ ಅವರಿಗೆ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತು. ಸಾರಾಂಶ ಇಷ್ಟು: ಜನ ತಮ್ಮ ಹಣವನ್ನು ಒಂದೇ ಗಂಟಿನಲ್ಲಿ ಕಟ್ಟಿಡುವುದಿಲ್ಲ, ಮನಸ್ಸಿನಲ್ಲೇ ಬೇರೆ ಬೇರೆ ಖಾತೆ ತೆರೆಯುತ್ತಾರೆ, ಪ್ರತಿ ಖಾತೆಗೂ ಬೇರೆ ನಿಯಮ ಇಟ್ಟುಕೊಳ್ಳುತ್ತಾರೆ, ಒಂದರ ಹಣ ಇನ್ನೊಂದಕ್ಕೆ ಸುಲಭವಾಗಿ ಹೋಗಲು ಬಿಡುವುದಿಲ್ಲ. ಸಾಸಿವೆ ಡಬ್ಬಿ ಇರುವ ಮನೆಯಲ್ಲಿ ಬೆಳೆದವರಿಗೆ ಇದು ಹೊಸ ಸಂಗತಿಯಲ್ಲ. ಥೇಲರ್ ಮಾಡಿದ ಕೆಲಸವೆಂದರೆ ಆ ನಿಯಮಗಳನ್ನು ಅಳೆಯಲು ಹೊರಟದ್ದು.

ಹರ್ಶ್ ಶೆಫ್ರಿನ್ ಜೊತೆ ಸೇರಿ 1988ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಅವರು ನಮ್ಮ ಪ್ರಕರಣಕ್ಕೆ ನೇರವಾಗಿ ತಾಗುವ ಪ್ರಶ್ನೆಯನ್ನು ಎಂಬಿಎ ವಿದ್ಯಾರ್ಥಿಗಳ ಮುಂದಿಟ್ಟಿದ್ದರು. ನಿಮಗೆ ಕೆಲಸದಲ್ಲಿ ವಿಶೇಷ ಬೋನಸ್ ಸಿಕ್ಕಿದೆ. ಅದು ತಿಂಗಳಿಗೆ 200 ಡಾಲರಿನಂತೆ ಒಂದು ವರ್ಷ ಬಂದರೆ ಎಷ್ಟು ಹೆಚ್ಚು ಖರ್ಚು ಮಾಡುತ್ತೀರಿ? ಅದೇ 2,400 ಡಾಲರ್ ಈ ತಿಂಗಳೇ ಒಟ್ಟಿಗೆ ಬಂದರೆ? ಮೊದಲನೆಯದಕ್ಕೆ ನಡುಮಧ್ಯದ ಉತ್ತರ ತಿಂಗಳಿಗೆ 100 ಡಾಲರ್, ಅಂದರೆ ವರ್ಷಕ್ಕೆ 1,200. ಎರಡನೆಯದಕ್ಕೆ ಬಂದ ತಿಂಗಳು 400, ಉಳಿದ ಹನ್ನೊಂದು ತಿಂಗಳು 35ರಂತೆ, ಒಟ್ಟು 785. ಮೊತ್ತ ಒಂದೇ. ಬಂದ ರೀತಿ ಬದಲಾದದ್ದಕ್ಕೆ ಖರ್ಚು ಮೂರನೇ ಒಂದು ಪಾಲು ಇಳಿಯಿತು. ಅವರು ಕೊಟ್ಟ ವಿವರಣೆ ಹೀಗಿದೆ: ತಿಂಗಳು ತಿಂಗಳು ಬರುವುದು "ಈಗಿನ ಆದಾಯ" ಎಂಬ ಖಾತೆಗೆ ಬೀಳುತ್ತದೆ, ಆ ಖಾತೆ ಇರುವುದೇ ಖರ್ಚಿಗೆ. ದೊಡ್ಡದಾಗಿ ಒಮ್ಮೆಗೇ ಬಂದದ್ದು "ಆಸ್ತಿ" ಎಂಬ ಖಾತೆಗೆ ಬೀಳುತ್ತದೆ, ಅದಕ್ಕೆ ಕೈ ಹಾಕುವಾಗ ಮನಸ್ಸು ಹಿಂಜರಿಯುತ್ತದೆ.

ಇದನ್ನು ಓದಿದಾಗ ನಾನು ಬಹುಕಾಲ ಹೇಳಿಕೊಂಡು ಬಂದಿದ್ದ ಒಂದು ಮಾತನ್ನು ಬಿಡಬೇಕಾಯಿತು. "ಬೋನಸ್ ಹಣವನ್ನು ಜನ ನೀರಿನ ಹಾಗೆ ಖರ್ಚು ಮಾಡುತ್ತಾರೆ" ಎಂಬ ಮಾತು ಅರ್ಧ ಮಾತ್ರ ನಿಜ. ಬೋನಸ್ಸಿನ ಖರ್ಚು ಕಣ್ಣಿಗೆ ಕಾಣುತ್ತದೆ: ಹೊಸ ಸೀರೆ, ಹೊಸ ಮಿಕ್ಸಿ, ಬಸ್ ಟಿಕೆಟ್. ಸಂಬಳದ ಖರ್ಚು ಕಾಣುವುದಿಲ್ಲ. ಕಂಡದ್ದನ್ನೇ ದುಂದು ಎಂದುಕೊಳ್ಳುತ್ತೇವೆ. ತಮ್ಮನ ಮನೆಯಲ್ಲಿ ಪೂರ್ತಿ ಕರಗಿದ್ದು ಸಂಬಳದ ₹9,600, ಅರೆಬರೆ ಉಳಿದದ್ದು ಬೋನಸ್.

ಹಾಗಾದರೆ ಇನ್ನರ್ಧ? ಅದು ಎರಡು ತಿಂಗಳ ನಂತರ ಡಿಸೆಂಬರ್‌ನಲ್ಲಿ ಕಾಣಿಸಿತು. ವರ್ಷದಲ್ಲಿ ಒಂದೂ ರಜೆ ಹಾಕದವರಿಗೆ ಕಾರ್ಖಾನೆ ₹1,500ರ ಹಾಜರಿ ಬಹುಮಾನ ಕೊಟ್ಟಿತು. ಯಾರೂ ಎದುರು ನೋಡಿರದ ಹಣ. ಭಾನುವಾರ ಮನೆಯವರೆಲ್ಲ ಹೋಟೆಲಿನಲ್ಲಿ ಊಟ ಮಾಡಿದರು, ₹950. ಮಗ ಬಹಳ ದಿನದಿಂದ ಕೇಳುತ್ತಿದ್ದ ಶೂ ಕೊಂಡರು, ₹1,100. ಸಿನಿಮಾ ನೋಡಿ ಆಟೋದಲ್ಲಿ ವಾಪಸು ಬಂದರು, ₹600. ಒಟ್ಟು ₹2,650. ಬಂದದ್ದು ಒಂದೂವರೆ ಸಾವಿರ, ಹೋದದ್ದು ಅದಕ್ಕಿಂತ ಸಾವಿರದ ನೂರೈವತ್ತು ಹೆಚ್ಚು. ಇದು ಹೇಗಾಯಿತು ಎಂದು ಪುಸ್ತಕ ಇಟ್ಟುಕೊಂಡು ನೋಡಿದರೆ ಮೋಸ ಎಲ್ಲೂ ಇರಲಿಲ್ಲ. ಹೋಟೆಲಿನಲ್ಲಿ ತಮ್ಮ "ಬಹುಮಾನ ಬಂದಿದೆಯಲ್ಲ" ಎಂದ. ಚಪ್ಪಲಿ ಅಂಗಡಿಯಲ್ಲಿ ಮಗ ಅದನ್ನೇ ಹೇಳಿದ. ಸಿನಿಮಾ ಎಂದಾಗ ಅವಳೂ ಅದನ್ನೇ ನೆನೆದಳು. ಒಂದೇ ₹1,500 ಮೂರು ಸಲ ಖರ್ಚಾಯಿತು, ಏಕೆಂದರೆ ಆ ಸಣ್ಣ ಹಣಕ್ಕೆ ಯಾರೂ ಪುಟ ತೆರೆದಿರಲಿಲ್ಲ, ಬೊಟ್ಟಿಟ್ಟಿರಲಿಲ್ಲ.

ಇದು ಈ ಮನೆಯ ವಿಚಿತ್ರವಲ್ಲ. ಜರ್ಮನಿಯಿಂದ ಪರಿಹಾರ ಹಣ ಪಡೆದ ಇಸ್ರೇಲಿನ ಕುಟುಂಬಗಳನ್ನು ಕುರಿತು ಮೈಕೆಲ್ ಲ್ಯಾಂಡ್ಸ್‌ಬರ್ಗರ್ ಎಂಬ ಅರ್ಥಶಾಸ್ತ್ರಜ್ಞ 1966ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ವರ್ಷದ ಆದಾಯದ ಮೂರನೇ ಎರಡರಷ್ಟು ದೊಡ್ಡ ಮೊತ್ತ ಪಡೆದವರು ಅದರಲ್ಲಿ ಖರ್ಚು ಮಾಡಿದ್ದು ನಾಲ್ಕನೇ ಒಂದು ಪಾಲಿಗೂ ಕಡಿಮೆ. ಆದಾಯದ ಶೇಕಡಾ 7ರಷ್ಟು ಸಣ್ಣ ಮೊತ್ತ ಪಡೆದವರ ಖರ್ಚು ಬಂದ ಹಣದ ಎರಡು ಪಟ್ಟು ಏರಿತ್ತು. ಸಣ್ಣ ಹಣ ಹೇಗೂ ಜೇಬಿನದು, ದೊಡ್ಡ ಹಣ ಪೆಟ್ಟಿಗೆಯದು. ತಮ್ಮನ ವರ್ಷದ ಸಂಬಳದ ಎದುರು ₹38,400 ಎಂದರೆ ಆರನೇ ಒಂದು ಭಾಗ. ಪೂರ್ತಿ ಪೆಟ್ಟಿಗೆಗೂ ಸೇರದ, ಪೂರ್ತಿ ಜೇಬಿಗೂ ಸೇರದ ಮೊತ್ತ. ಅದಕ್ಕೇ ಅದು ಎರಡಕ್ಕೂ ಹಂಚಿಹೋಯಿತು ಎಂದು ನಾನು ತಿಳಿಯುತ್ತೇನೆ. ಹೊಟ್ಟೆಗೇ ಸಾಲದ ಮನೆಯಲ್ಲಿ ಈ ಗೆರೆಗಳು ನಿಲ್ಲುವುದಿಲ್ಲ ಎಂಬುದನ್ನೂ ಸೇರಿಸಬೇಕು. ಅಲ್ಲಿ ಬಂದ ಹಣವೆಲ್ಲ ಮೊದಲು ದಿನಸಿ ಅಂಗಡಿಯ ಬಾಕಿಗೆ ಹೋಗುತ್ತದೆ.

ಇನ್ನು ಈ ಪ್ರಕರಣದ ನಡುವಿನ ಗಂಟಿಗೆ ಬರುತ್ತೇನೆ. ಬೋನಸ್ ಬಂದ ದಿನ ಆ ಮನೆಯ ಮೇಲೆ ಒಂದು ಕೈಸಾಲವಿತ್ತು. ಜೂನ್‌ನಲ್ಲಿ ಅಮ್ಮನ ಕಣ್ಣಿನ ಪೊರೆಯ ಆಪರೇಷನ್‌ಗೆಂದು ತಂದ ₹20,000, ನೂರಕ್ಕೆ ಮೂರು ರೂಪಾಯಿ ಬಡ್ಡಿ. ಊರಿನ ಮಾತಿನಲ್ಲಿ ಮೂರು ರೂಪಾಯಿ ಬಡ್ಡಿ ಎಂದರೆ ತಿಂಗಳಿಗೆ ಮೂರು, ವರ್ಷಕ್ಕೆ ಮೂವತ್ತಾರು. ಸೆಪ್ಟೆಂಬರ್‌ವರೆಗೆ ಬಡ್ಡಿಯನ್ನಷ್ಟೇ ಕಟ್ಟಿದ್ದರು. ಅಕ್ಟೋಬರ್‌ನಿಂದ ತಿಂಗಳಿಗೆ ₹2,000 ಅಸಲು, ಜೊತೆಗೆ ಬಡ್ಡಿ, ಹೀಗೆ ಹತ್ತು ತಿಂಗಳಲ್ಲಿ ತೀರಿಸುವುದು ಎಂದು ತೀರ್ಮಾನವಾಗಿತ್ತು. ಮೊದಲ ತಿಂಗಳು ಬಡ್ಡಿ ₹600, ಎರಡನೆಯ ತಿಂಗಳು ₹540, ಹೀಗೆ ಅರವತ್ತು ಅರವತ್ತು ಇಳಿದು ಕೊನೆಯ ತಿಂಗಳು ₹60. ಕೂಡಿದರೆ ₹3,300.

ಇತ್ತ ₹15,000ವನ್ನು ಶೇಕಡಾ 6ರ ಠೇವಣಿಯಲ್ಲಿ ಇಡಲು ಹೊರಟಿದ್ದರು. ಅತ್ತ ಶೇಕಡಾ 36ರ ಸಾಲ ಕೂತಿತ್ತು. ನಾನು ಕಾಗದ ಪೆನ್ನು ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಆ ಹದಿನೈದು ಸಾವಿರವನ್ನು ಸಾಲಕ್ಕೆ ಕೊಟ್ಟರೆ ಉಳಿಯುವ ಅಸಲು ₹5,000. ಅದನ್ನು ತಿಂಗಳಿಗೆ ಎರಡು ಸಾವಿರದಂತೆ ಕಟ್ಟಿದರೆ ಮೂರು ತಿಂಗಳಲ್ಲಿ ಮುಗಿಯುತ್ತದೆ, ಬಡ್ಡಿ ಒಟ್ಟು ₹270. ಉಳಿತಾಯ ₹3,030. ಹತ್ತು ತಿಂಗಳಲ್ಲಿ ಠೇವಣಿ ತರುವ ಬಡ್ಡಿ ₹750. ಅಂದರೆ ಠೇವಣಿಯನ್ನೇ ಹಿಡಿದು ಕೂತರೆ ₹2,280 ನಷ್ಟ. ನಾಲ್ಕನೆಯ ತಿಂಗಳಿನಿಂದ ಸಾಲದ ಕಂತಿನ ಹಣ ಮಿಗುತ್ತದೆ, ಅದನ್ನೇ ಕೂಡಿಹಾಕಿದರೆ ಜುಲೈ ಹೊತ್ತಿಗೆ ಠೇವಣಿಯ ಹಣ ಮತ್ತೆ ಬಹುಪಾಲು ಕೈಯಲ್ಲಿರುತ್ತದೆ.

ತಮ್ಮ ತಲೆಯಾಡಿಸಿದ. "ಅಣ್ಣ ಹೇಳುವುದು ಸರಿ," ಎಂದ. ಅವಳು ಕಾಗದವನ್ನು ಕೈಗೆ ತೆಗೆದುಕೊಂಡು ಸಾಲು ಸಾಲಾಗಿ ಓದಿದಳು. ಕೊನೆಯ ವಾಕ್ಯದ ಮೇಲೆ ಬೆರಳಿಟ್ಟಳು.

"ಲೆಕ್ಕ ಸರಿಯಾಗಿದೆ ಭಾವ. ಆದರೆ ಕೂಡಿಹಾಕಿದರೆ ಅಂತ ಬರೆದಿದ್ದೀರಲ್ಲ, ಅದು ಆಗುವುದಿಲ್ಲ. ಸಂಬಳ ಜಾಸ್ತಿಯಾಗಿ ಆರು ತಿಂಗಳಾಯಿತು, ಎಲ್ಲಿದೆ ತೋರಿಸಿ ನೋಡೋಣ? ಸಾಲಗಾರ ಬಾಗಿಲಿಗೆ ಬರುತ್ತಾನೆ, ಅದಕ್ಕೇ ಸಾಲ ತೀರುತ್ತದೆ. ಮಗಳ ದುಡ್ಡು ಕೇಳಿಕೊಂಡು ಬಾಗಿಲಿಗೆ ಯಾರು ಬರುತ್ತಾರೆ?"

ನನ್ನ ಬಳಿ ಉತ್ತರವಿರಲಿಲ್ಲ. ನನ್ನ ಗಣಿತ ತಪ್ಪಿರಲಿಲ್ಲ. ಆದರೆ ಮುಂದಿನ ಏಳು ತಿಂಗಳು ತಿಂಗಳಿಗೆ ಎರಡು ಸಾವಿರ ಯಾರ ಬಲವಂತವೂ ಇಲ್ಲದೆ ಪೆಟ್ಟಿಗೆ ಸೇರುತ್ತದೆ ಎಂದು ನಾನು ಸುಮ್ಮನೆ ನಂಬಿಕೊಂಡಿದ್ದೆ. ಹಾಗೆ ಸೇರುವುದಿಲ್ಲ ಎಂಬುದಕ್ಕೆ ₹9,600ರ ಸಾಕ್ಷಿ ಅದೇ ಪುಸ್ತಕದಲ್ಲಿತ್ತು. ಒಬ್ಬನೊಳಗೇ ಯೋಜನೆ ಹಾಕುವವನೊಬ್ಬ, ಕೈಯಾರೆ ಖರ್ಚು ಮಾಡುವವನೊಬ್ಬ ಇದ್ದಾನೆ, ಮನಸ್ಸಿನ ಖಾತೆಗಳು ಮೊದಲನೆಯವನು ಎರಡನೆಯವನಿಗೆ ಹಾಕಿದ ಬೇಲಿ ಎಂದು ಶೆಫ್ರಿನ್ ಮತ್ತು ಥೇಲರ್ ಹೇಳುತ್ತಾರೆ. ಅವಳು ಆ ಬೇಲಿಗೆ ₹2,280 ಕೊಡಲು ಸಿದ್ಧಳಿದ್ದಳು. ಹೆಚ್ಚಾಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಠೇವಣಿಯಲ್ಲಿ ಅರ್ಧವನ್ನು ಸಾಲಕ್ಕೆ ಕೊಟ್ಟಿದ್ದರೂ ಬಡ್ಡಿಯ ಹೊರೆ ಬಹಳ ಇಳಿಯುತ್ತಿತ್ತು. ಆದರೆ ಅದನ್ನು ಅವಿವೇಕ ಎಂದು ಕರೆಯುವುದನ್ನು ಅಂದೇ ನಿಲ್ಲಿಸಿದೆ. ಸಾಲ ದೊಡ್ಡದಾದಷ್ಟೂ, ಅವಧಿ ಉದ್ದವಾದಷ್ಟೂ ಈ ಬೇಲಿಯ ಬೆಲೆ ಏರುತ್ತದೆ. ಎರಡು ಲಕ್ಷದ ಸಾಲವಾಗಿದ್ದರೆ ನಾನು ಬಿಡುತ್ತಿರಲಿಲ್ಲ.

ಸಾಲ 2023ರ ಜುಲೈಯಲ್ಲಿ ಹೇಳಿದಂತೆಯೇ ತೀರಿತು. ಆದರೆ ಅಷ್ಟರಲ್ಲಿ ಬೇರೊಂದು ಕಡೆ ಬಿರುಕು ಬಿಟ್ಟಿತ್ತು. ಮೇ ತಿಂಗಳ ಸೆಕೆಯಲ್ಲಿ ಪರಿಚಯದ ಅಂಗಡಿಯಿಂದ ₹18,000ದ ಫ್ರಿಜ್ ತಂದಿದ್ದರು. ₹4,000 ಕೊಟ್ಟು, ಉಳಿದ ₹14,000 "ಆಯುಧಪೂಜೆಗೆ ಬೋನಸ್ ಬಂದಾಗ ಕೊಡುತ್ತೇನೆ" ಎಂದು ತಮ್ಮ ಮಾತು ಕೊಟ್ಟಿದ್ದ.

ಅನಿರೀಕ್ಷಿತ ಹಣ ಅನಿರೀಕ್ಷಿತವಾಗಿ ಉಳಿಯದೆ ಹೋದದ್ದು ಯಾವಾಗ ಎಂದು ತಿಳಿಯಲು ನನ್ನ ಅನುಭವದಲ್ಲಿ ಈ ಒಂದು ವಾಕ್ಯಕ್ಕಿಂತ ಒಳ್ಳೆಯ ಗುರುತಿಲ್ಲ. "ಬೋನಸ್ ಬಂದಾಗ ಕೊಡುತ್ತೇನೆ" ಎಂಬ ಮಾತು ಬಾಯಿಗೆ ಬಂತೆಂದರೆ ಬೋನಸ್ ಆಗಲೇ ಸಂಬಳದ ಖಾತೆಗೆ ಇಳಿದಿದೆ ಎಂದೇ ಅರ್ಥ. ಬರುವುದು ಖಚಿತವಿದ್ದ ಮಾತ್ರಕ್ಕೆ ಹಾಗಾಗಬೇಕೆಂದೇನೂ ಇಲ್ಲ. ಜಪಾನಿನಲ್ಲಿ ನೌಕರರಿಗೆ ವರ್ಷಕ್ಕೆ ಎರಡು ಸಲ, ಬೇಸಿಗೆಯಲ್ಲಿ ಮತ್ತು ಚಳಿಗಾಲದಲ್ಲಿ, ದೊಡ್ಡ ಬೋನಸ್ ಬರುತ್ತದೆ. ಬರುವುದು ಎಲ್ಲರಿಗೂ ಗೊತ್ತು. ಆದರೂ ಅದರಲ್ಲಿ ಖರ್ಚಾಗುವ ಪಾಲು ಮಾಮೂಲಿ ಸಂಬಳದಲ್ಲಿ ಖರ್ಚಾಗುವುದಕ್ಕಿಂತ ಸಾಕಷ್ಟು ಕಡಿಮೆ ಎಂದು ಇಶಿಕಾವಾ ಮತ್ತು ಉಯೇಡಾ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು 1984ರಲ್ಲಿ ತೋರಿಸಿದರು. (ಆ ಕಜುವೋ ಉಯೇಡಾ ಅವರೇ 2023ರಲ್ಲಿ ಜಪಾನಿನ ಕೇಂದ್ರ ಬ್ಯಾಂಕಿನ ಗವರ್ನರ್ ಆದರು.) ಹಣ ಬರುವುದು ಗೊತ್ತಿದ್ದರೂ ಅದಕ್ಕೆ ಬೇರೆ ಪುಟವಿದ್ದರೆ ಅದು ಬೇರೆಯಾಗಿಯೇ ಉಳಿಯುತ್ತದೆ. ತಮ್ಮನ ಮನೆಯಲ್ಲಿ ಹಣ ಬರುವ ಐದು ತಿಂಗಳು ಮೊದಲೇ ಪುಟ ತುಂಬಿಹೋಗಿತ್ತು.

ಆ ವರ್ಷ ಕಾರ್ಖಾನೆಗೆ ಆರ್ಡರುಗಳು ಇಳಿದಿದ್ದವು. ಬೋನಸ್ ಕನಿಷ್ಠ ಶೇಕಡಾ 8.33ಕ್ಕೆ ಬಂತು: ₹15,994. ಅಂಗಡಿಯವರಿಗೆ ₹14,000 ಕೊಟ್ಟ ಮೇಲೆ ಉಳಿದದ್ದು ₹1,994. ಮಕ್ಕಳಿಗೆ ಮಾತ್ರ ಬಟ್ಟೆ ಬಂತು. ಅಮ್ಮನ ಸೀರೆಗೆ ಸಾಸಿವೆ ಡಬ್ಬಿಯಿಂದ ₹1,200 ಹೊರಗೆ ಬಂತು. ತಮ್ಮ ಅಂದು ಹೇಳಿದ್ದು, "ಈ ಸಲ ಇಪ್ಪತ್ತೆರಡು ಸಾವಿರ ಕಳೆದುಕೊಂಡೆವು ಅಣ್ಣ." ಅವನ ಕೈಗೆ ಹದಿನಾರು ಸಾವಿರ ಬಂದಿತ್ತು. ಆದರೆ ಅವನ ಮನಸ್ಸಿನಲ್ಲಿ ಹಿಂದಿನ ವರ್ಷದ ಮೊತ್ತವೇ ನೆಲವಾಗಿತ್ತು, ಅದಕ್ಕಿಂತ ಕೆಳಗಿನದೆಲ್ಲ ಅವನಿಗೆ ಹಳ್ಳವಾಗಿ ಕಂಡಿತು. ಅದೇ ವಾರ ಮಗಳ ಠೇವಣಿಯ ಅವಧಿ ಮುಗಿದು ಹದಿನೈದು ಸಾವಿರದ ಒಂಬೈನೂರು ಚಿಲ್ಲರೆ ಕೈಗೆ ಬರುವುದಿತ್ತು. ಹಬ್ಬ ಎದುರಿಗಿತ್ತು, ಮುಖಗಳು ಬಾಡಿದ್ದವು. ಅವಳು ಬ್ಯಾಂಕಿಗೆ ಹೋಗಿ ಬಡ್ಡಿ ಸಮೇತ ಅದನ್ನು ಇನ್ನೊಂದು ವರ್ಷಕ್ಕೆ ಇಟ್ಟು ಬಂದಳು. ಹಿಂದಿನ ವರ್ಷ ಅವಳು ಕಟ್ಟಿದ ಬೇಲಿ ಗಟ್ಟಿಯಾಗಿತ್ತು ಎಂಬುದು ನನಗೆ ಅಂದು ಗೊತ್ತಾಯಿತು.

ಬ್ಯಾಂಕಿನಲ್ಲಿ ಅವಳು ಇನ್ನೊಂದು ಕೆಲಸವನ್ನೂ ಮಾಡಿದ್ದಳು. ಸಾಲ ತೀರಿದ ಮೇಲೆ ಆಗಸ್ಟ್, ಸೆಪ್ಟೆಂಬರ್ ಎರಡು ತಿಂಗಳು ಮಿಕ್ಕ ಕಂತಿನ ಎರಡೆರಡು ಸಾವಿರ ಎಲ್ಲಿ ಹೋಯಿತು ಎಂಬುದಕ್ಕೆ ಪುಸ್ತಕದಲ್ಲಿ ಗುರುತಿರಲಿಲ್ಲ. ಅಕ್ಟೋಬರ್ 5ರಿಂದ ತಿಂಗಳಿಗೆ ₹2,000ದ ಆವರ್ತ ಠೇವಣಿ ಶುರುವಾಯಿತು, ಹನ್ನೆರಡು ತಿಂಗಳಿಗೆ. ಸಂಬಳ ಬಂದ ಕೆಲವೇ ದಿನಗಳಲ್ಲಿ ಹಣ ತಾನಾಗಿ ಕಡಿತವಾಗುವಂತೆ ಬರೆದುಕೊಟ್ಟಿದ್ದಳು. ದಿನಾಂಕ ಲೆಕ್ಕ ಹಾಕಿಯೇ ಇಟ್ಟಿದ್ದು: 2024ರ ಆಯುಧಪೂಜೆ ಅಕ್ಟೋಬರ್ 11ಕ್ಕೆ, ಠೇವಣಿ ಕೈಗೆ ಬರುವುದು 5ಕ್ಕೆ. ಹತ್ತು ತಿಂಗಳು ಸಾಲಗಾರನಿಗೆ ಕೊಟ್ಟು ಅಭ್ಯಾಸವಾಗಿದ್ದ ಹಣ, ಮನೆಯವರಿಗೆ ಕಡಿಮೆಯಾದಂತೆ ಅನ್ನಿಸಲೇ ಇಲ್ಲ.

ಬಡ್ಡಿ ಸೇರಿ ₹24,880 ಬಂತು. ₹12,000 ಮಗಳ ಠೇವಣಿಗೆ ಸೇರಿತು. ₹5,800 ಬಟ್ಟೆಗೆ. ಹಿಂದಿನ ವರ್ಷ ತಪ್ಪಿಹೋಗಿದ್ದ ಧರ್ಮಸ್ಥಳಕ್ಕೆ ₹5,200. ₹1,880ಕ್ಕೆ ಲೆಕ್ಕ ಸಿಗಲಿಲ್ಲ. 2022ರ ಪುಟವನ್ನು ಪಕ್ಕದಲ್ಲಿಟ್ಟರೆ ಅಣ್ಣ ತಮ್ಮಂದಿರ ಹಾಗೆ ಕಾಣುತ್ತವೆ, ಆದರೆ ಈ ಸಲದ ಪ್ರತಿ ರೂಪಾಯಿಯೂ ತಿಂಗಳ ದುಡಿಮೆಯಿಂದ ಬಂದದ್ದು. ಕಾರ್ಖಾನೆಯವರು ಆ ವರ್ಷ ಶೇಕಡಾ 10ರಂತೆ ಕೊಟ್ಟ ₹19,200 ಮಗಳ ಶಾಲೆಯ ಎರಡನೆಯ ಕಂತಿಗೂ ಮನೆ ಮಾಲೀಕರು ಏರಿಸಿದ ಮುಂಗಡಕ್ಕೂ ಹೋಯಿತು.

ಪುಸ್ತಕದಲ್ಲಿ ಅರಿಶಿನ ಕುಂಕುಮದ ಬೊಟ್ಟಿಟ್ಟು "ಬೋನಸ್ 2024" ಎಂದು ಬರೆದ ಪುಟದಲ್ಲಿರುವುದು ಆವರ್ತ ಠೇವಣಿಯ ಹಣ. ಕಾರ್ಖಾನೆಯ ₹19,200 ಅದರ ಹಿಂದಿನ ಪುಟದಲ್ಲಿದೆ, ಬಾಡಿಗೆ, ಹಾಲು, ಕರೆಂಟಿನ ನಡುವೆ, "ಸಂಬಳ, ಇತರೆ" ಎಂಬ ಸಾಲಿನಲ್ಲಿ.